ಅಮ್ಮನ ಸೀರೆಗೆ ₹190

ಈಗಷ್ಟೇ ಅಂಚೆ ಕಚೇರಿಯಿಂದ ಬಂದೆ. ಕೈಯಲ್ಲಿ ₹190 ಇದೆ. ಕಳೆದುಹೋದ ಅಮ್ಮನ ಇಳಕಲ್ ಸೀರೆಗೆ ಸರ್ಕಾರ ಕೊಟ್ಟ ಪರಿಹಾರ. ಅಮ್ಮ ಹೋದಮೇಲೆ ಆ ಸೀರೆಯನ್ನ ತಂಗಿಗೆ ಕಳಿಸಬೇಕು ಅಂತ ಎಷ್ಟು ದಿನ ಇಟ್ಟುಕೊಂಡಿದ್ದೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಅವಳ ಗೃಹಪ್ರವೇಶಕ್ಕೆ ಅಂತ ಸ್ಪೀಡ್ ಪೋಸ್ಟ್ ಮಾಡಿದ್ದೆ. ಅದು ಅವಳಿಗೆ ತಲುಪಲೇ ಇಲ್ಲ.

ಆದರೆ ನನಗೆ ಇಷ್ಟು ಸಿಟ್ಟು ಬಂದಿರೋದು ಆ ₹190ಕ್ಕಲ್ಲ. ನಾನು ಸಹಿ ಹಾಕ್ತಾ ಇದ್ದಾಗ ಪಕ್ಕದ ಕೌಂಟರಿನಲ್ಲಿ ಒಬ್ಬ ಹುಡುಗಿ ಮೈಸೂರು ಸಿಲ್ಕ್ ಸೀರೆಯ ಪಾರ್ಸೆಲ್ ಕೊಟ್ಟಳು. ಗುಮಾಸ್ತರು ತೂಕ ಹಾಕಿದರು, ಪಿನ್‌ಕೋಡ್ ಕೇಳಿದರು, ರಸೀದಿ ಹರಿದು ಕೊಟ್ಟರು. ಒಳಗಿರೋದರ ಬೆಲೆ ಎಷ್ಟು ಅಂತಾಗಲಿ, ವಿಮೆ ಬೇಕಾ ಅಂತಾಗಲಿ ಕೇಳಲಿಲ್ಲ. ನನ್ನನ್ನೂ ಅವತ್ತು ಕೇಳಿರಲಿಲ್ಲ.

ಸ್ಪೀಡ್ ಪೋಸ್ಟ್‌ನ ನಿಯಮ ಹೀಗಿದೆ. ವಸ್ತು ಕಳೆದರೆ, ಒಳಗಿನದ್ದು ಮಾಯವಾದರೆ ಅಥವಾ ಹಾಳಾದರೆ, ನೀವು ಕಟ್ಟಿದ ಅಂಚೆ ಶುಲ್ಕದ ಎರಡರಷ್ಟು ಇಲ್ಲವೇ ₹1000, ಇದರಲ್ಲಿ ಯಾವುದು ಕಡಿಮೆಯೋ ಅಷ್ಟು ಕೊಡುತ್ತಾರೆ. ತಡವಾದರೆ ಕಟ್ಟಿದ ಶುಲ್ಕವಷ್ಟೇ ವಾಪಸ್. ನಾನು ಕಟ್ಟಿದ್ದು ₹95, ಬಂದದ್ದು ₹190. ಸೀರೆಯ ಬೆಲೆ ಆರು ಸಾವಿರವಾದರೂ ಅರವತ್ತು ಸಾವಿರವಾದರೂ ಈ ಲೆಕ್ಕ ಬದಲಾಗಲ್ಲ, ಯಾಕೆಂದರೆ ಲೆಕ್ಕ ಶುರುವಾಗೋದೇ ಅಂಚೆ ಶುಲ್ಕದಿಂದ, ವಸ್ತುವಿನಿಂದಲ್ಲ.

ಇದು ಯಾರೋ ಗುಮಾಸ್ತರ ಮನಸ್ಸಿನ ಮಾತಲ್ಲ, ಕಾನೂನೇ ಹೀಗಿದೆ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಸರ್ಕಾರ ತಾನಾಗಿ ಸ್ಪಷ್ಟವಾಗಿ ಒಪ್ಪಿಕೊಂಡಷ್ಟನ್ನು ಬಿಟ್ಟರೆ, ನಷ್ಟಕ್ಕಾಗಲಿ ತಡಕ್ಕಾಗಲಿ ಅಂಚೆಯವರು ಹೊಣೆಯಾಗಿರಲಿಲ್ಲ. ಬ್ರಿಟಿಷರ ಕಾಲದ ಆ ಕಾಯ್ದೆ ಹೋಗಿ 2023ರ ಹೊಸ ಕಾಯ್ದೆ 2024ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ 10ನೇ ಸೆಕ್ಷನ್‌ನಲ್ಲೂ ಅದೇ ರಕ್ಷಣೆ ಉಳಿಯಿತು. ಆ ರಕ್ಷಣೆ ದಾಟಿಕೊಂಡು ಪೂರ್ತಿ ಬೆಲೆ ಕೇಳಬೇಕೆಂದರೆ ಗ್ರಾಹಕರಿಗೆ ಇರುವ ದಾರಿ ಒಂದೇ: ಬುಕ್ ಮಾಡುವಾಗಲೇ ಬೆಲೆ ಹೇಳಿ, ಅದಕ್ಕೆ ತಕ್ಕ ಶುಲ್ಕ ಕಟ್ಟಿ, ವಿಮೆ ಮಾಡಿಸೋದು. ಕಳೆದ ಮೇಲೆ ಬಿಲ್ ತೋರಿಸಿದರೆ ಪ್ರಯೋಜನವಿಲ್ಲ. ನಾನು ಬಿಲ್ಲೂ ತೋರಿಸಿದೆ, ಅಮ್ಮ ಆ ಸೀರೆ ಉಟ್ಟಿದ್ದ ಫೋಟೋನೂ ತೋರಿಸಿದೆ.

"ಕೊರಿಯರ್‌ನಲ್ಲಿ ಕಳಿಸಬೇಕಿತ್ತು" ಅಂತ ಈ ಮೂರು ತಿಂಗಳಲ್ಲಿ ಎಷ್ಟು ಜನ ಹೇಳಿದರೋ! ಅವರಿಗೆ ನಾನು ಹೇಳೋದು, ಕೊರಿಯರ್ ರಸೀದಿಯ ಹಿಂಭಾಗ ತಿರುಗಿಸಿ ಓದಿ. ಸಣ್ಣ ಅಕ್ಷರದಲ್ಲಿ ಹೊಣೆಯ ಮಿತಿ ಬರೆದಿರುತ್ತದೆ, ಎಷ್ಟೋ ಕಡೆ ಅದು ಅಂಚೆಯ ₹1000ಕ್ಕಿಂತಲೂ ಕಡಿಮೆ. ಅಲ್ಲೂ ಪೂರ್ತಿ ಬೆಲೆ ಬೇಕಿದ್ದರೆ ಬೆಲೆ ಘೋಷಿಸಿ ರಿಸ್ಕ್ ಚಾರ್ಜ್ ಕಟ್ಟಬೇಕು. ಕಟ್ಟದಿದ್ದರೆ ಅದು 'ಓನರ್ಸ್ ರಿಸ್ಕ್', ಅಂದರೆ ನಷ್ಟ ನಿಮ್ಮದು. ಸಹಿ ಹಾಕಿದ ಮೇಲೆ ಆ ಮಿತಿ ಅನ್ವಯಿಸುತ್ತದೆ ಅಂತ 1996ರಲ್ಲೇ ಭಾರತಿ ನಿಟ್ಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ರಸೀದಿಯಲ್ಲಿದ್ದ ಮಿತಿ 100 ಡಾಲರ್, ಅಷ್ಟಕ್ಕೇ ಪರಿಹಾರ ನಿಂತಿತು. ವ್ಯತ್ಯಾಸ ಇಷ್ಟೇ: ಕೊರಿಯರ್‌ನವರದ್ದು ಒಪ್ಪಂದ. ನೀವು ಸಹಿಯೇ ಹಾಕದ, ಯಾರೂ ನಿಮಗೆ ತಿಳಿಸದ ಷರತ್ತನ್ನ ಗ್ರಾಹಕ ಆಯೋಗದಲ್ಲಿ ಪ್ರಶ್ನಿಸೋಕೆ ಜಾಗ ಇದೆ. ಅಂಚೆಯ ವಿಷಯದಲ್ಲಿ ಆ ಮಿತಿಗೆ ಕಾಯ್ದೆಯದ್ದೇ ಬೆಂಬಲ, ಹಾಗಾಗಿ ವಾದ ತುಂಬ ಕಷ್ಟ. ಆದರೆ ಬೆಲೆ ಹೇಳದೆ ಕೊಟ್ಟವರ ಗತಿ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ.

ಟ್ರ್ಯಾಕಿಂಗ್ ಬಗ್ಗೆ ಮಾತ್ರ ಕೊರಿಯರ್ ಮೇಲು ಅಂತ ಒಪ್ತೀನಿ. ಅಲ್ಲಿ ಪ್ರತಿ ಹಬ್‌ನಲ್ಲೂ ಪೊಟ್ಟಣವನ್ನೇ ಸ್ಕ್ಯಾನ್ ಮಾಡೋದು ಸಾಮಾನ್ಯ. ಅಂಚೆಯಲ್ಲಿ ನಿಮ್ಮ ಪಾರ್ಸೆಲ್ ಒಂದು ಚೀಲದೊಳಗೆ ಸೇರುತ್ತದೆ, ಪರದೆಯಲ್ಲಿ Item Bagged ಅಂತ ಬರುತ್ತದೆ, ಆಮೇಲೆ ಓಡಾಡೋದು ಚೀಲ. ಚೀಲ ಬಿಚ್ಚುವವರೆಗೆ ನಿಮ್ಮ ಸಂಖ್ಯೆಗೆ ಹೊಸ ಸುದ್ದಿ ಇರೋದಿಲ್ಲ. ಎರಡು ದಿನದ ಆ ಮೌನಕ್ಕೆ ಗಾಬರಿಯಾಗಬೇಡಿ. ಗಾಬರಿಯಾಗಬೇಕಾದ್ದು ಒಂದೂರಿಂದ Item Dispatched ಆಗಿ, ಮುಂದಿನ ಊರಲ್ಲಿ Item Received ಬಾರದೇ ನಾಲ್ಕೈದು ದಿನ ಕಳೆದಾಗ. ನನ್ನದು ಹಾಗೇ ಆಯಿತು. ಆದರೆ ನಾನು 'ಬರುತ್ತೆ ಬಿಡು' ಅಂತ ಹದಿನೆಂಟು ದಿನ ಕಾದೆ. ಆ ತಪ್ಪು ನನ್ನದೇ, ಇದನ್ನ ಬರೆಯುವಾಗ ಹೊಟ್ಟೆ ಕಿವುಚ್ತದೆ. ಐದನೇ ದಿನವೇ ದೂರು ಕೊಟ್ಟಿದ್ದರೆ ಚೀಲ ಎಲ್ಲಿ ಬಿಚ್ಚಿದರು ಅನ್ನೋದನ್ನ ಹುಡುಕೋಕೆ ಸುಲಭವಾಗುತ್ತಿತ್ತು.

ಮನೆ ಬಾಗಿಲಿಗೆ ತಲುಪಿಸುವ ವಿಷಯಕ್ಕೆ ಬಂದರೆ ನನ್ನ ಓಟು ಪೋಸ್ಟಣ್ಣನಿಗೇ. ಬಾಗಿಲು ಹಾಕಿದ್ದರೆ ಅವರು ಸೂಚನಾ ಚೀಟಿ ಬಿಟ್ಟು ಹೋಗ್ತಾರೆ, ಪಾರ್ಸೆಲ್ಲು ಕಚೇರಿಯಲ್ಲಿ ಏಳು ದಿನ ಇರುತ್ತದೆ, ಗುರುತಿನ ಚೀಟಿ ಹಿಡಿದು ಹೋಗಿ ತರಬಹುದು. ನಮ್ಮ ತೋಟದ ಮನೆಗೆ ಕೊರಿಯರ್ ಹುಡುಗರು ಬಂದದ್ದು ಅಪರೂಪ. "ಬಸ್‌ಸ್ಟ್ಯಾಂಡ್‌ಗೆ ಬನ್ನಿ" ಅಂತ ಒಂದು ಫೋನ್. ಹೋಗದಿದ್ದರೆ ಆ್ಯಪ್‌ನಲ್ಲಿ 'ಗ್ರಾಹಕರು ಸಿಗಲಿಲ್ಲ' ಅಂತ ಬರುತ್ತೆ. ಹೀಗೆ ಮೂರು ಸಲ ಆದರೆ ಸರಕು ಕಳಿಸಿದವರಿಗೇ ವಾಪಸ್. ಆ ಹುಡುಗರಿಗೂ ದಿನಕ್ಕೆ ಎಷ್ಟೋ ಪೊಟ್ಟಣ ಮುಗಿಸುವ ಒತ್ತಡ ಇದೆ, ಅದು ನನಗೆ ಅರ್ಥವಾಗುತ್ತೆ. ಆದರೆ ಬಂದೇ ಇಲ್ಲದವರು ಬಂದಿದ್ದೆವು ಅಂತ ದಾಖಲಿಸೋದು ಸುಳ್ಳು. ಅಂಥ ದಿನ ಮೊಬೈಲಿನ ಕಾಲ್ ಲಾಗ್ ಮತ್ತು ಆ ಸಂದೇಶ, ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರು ಕೊಡುವಾಗ ನಿಮ್ಮ ಮಾತಿಗೆ ಅದೇ ಸಾಕ್ಷಿ.

ನನ್ನ ಮನಸ್ಸಿನ್ನೂ ಆ ಕೌಂಟರಲ್ಲೇ ನಿಂತಿದೆ, ಕ್ಷಮಿಸಿ, ಆ ಹುಡುಗಿಯ ಕಡೆಗೇ ಬರ್ತೀನಿ. ಅವಳು ರಸೀದಿ ಮಡಚಿ ಹೊರಡೋ ಹೊತ್ತಿಗೆ "ತಂಗಿ, ವಿಮೆ ಮಾಡಿಸಿದ್ಯಾ?" ಅಂದೆ. "ಪೋಸ್ಟಲ್ಲಿ ವಿಮೆನೂ ಇರುತ್ತಾ ಸರ್?" ಅಂತ ಕೇಳಿದಳು. ಗುಮಾಸ್ತರನ್ನ ಕೇಳಿದೆವು. "ಇರುತ್ತೆ, ಆದ್ರೆ ಬುಕ್ ಆಗೋಯ್ತಲ್ಲ. ಮೊದಲೇ ಹೇಳಬೇಕಿತ್ತು," ಅಂದರು. ಗೊತ್ತಿಲ್ಲದವರು ಮೊದಲೇ ಹೇಳೋದು ಹೇಗೆ? ಜೋರಾಗಿಯೇ ಕೇಳಿದೆ. ಅವರ ಮೇಲೆ ಕೂಗಾಡಿದ್ದಕ್ಕೆ ಆಮೇಲೆ ಬೇಜಾರಾಯಿತು, ಒಬ್ಬರೇ ಮೂರು ಕೌಂಟರಿನ ಕೆಲಸ ನೋಡುತ್ತಿದ್ದರು. ಕೊನೆಗೆ ಅವರೇ ದಾರಿ ಹುಡುಕಿದರು: ಆ ಬುಕಿಂಗ್ ರದ್ದು ಮಾಡಿ, ಪೊಟ್ಟಣಕ್ಕೆ ಗಟ್ಟಿಯಾಗಿ ಸೀಲ್ ಹಾಕಿಸಿ, ಬೆಲೆ ಬರೆಸಿ, ಹೊಸದಾಗಿ ಬುಕ್ ಮಾಡಿದರು. ರಸೀದಿಯಲ್ಲಿ ವಿಮೆಯ ಮೊತ್ತ ಅಚ್ಚಾಗಿದೆಯೇ ಅಂತ ಅವಳಿಗೆ ತೋರಿಸಿದೆ. ಅದು ಅಚ್ಚಾಗದಿದ್ದರೆ ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕವಿಲ್ಲ. ಸಣ್ಣ ಶಾಖಾ ಅಂಚೆ ಕಚೇರಿಗಳಲ್ಲಿ ವಿಮೆಯ ಮಿತಿ ಕಡಿಮೆ, ಬೆಲೆಬಾಳುವುದಿದ್ದರೆ ದೊಡ್ಡ ಕಚೇರಿಗೇ ಹೋಗಿ.

ನಾಳೆ ಅಂಚೆ ಅಧೀಕ್ಷಕರಿಗೆ ಅರ್ಜಿ ಕೊಡ್ತಿದ್ದೀನಿ. ಕೇಳೋದು ಎರಡೇ: ಪ್ರತಿ ಕೌಂಟರಿನ ಮುಂದೆ ಕನ್ನಡದಲ್ಲಿ, ಅಜ್ಜಿಗೂ ಕಾಣುವ ಅಕ್ಷರದಲ್ಲಿ ಒಂದು ಬೋರ್ಡು: 'ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಪಾರ್ಸೆಲ್ ಕಳೆದರೆ ಶುಲ್ಕದ ಎರಡರಷ್ಟು ಇಲ್ಲವೇ ₹1000, ಯಾವುದು ಕಡಿಮೆಯೋ ಅಷ್ಟು ಮಾತ್ರ.' ಜೊತೆಗೆ ಗುಮಾಸ್ತರು ಬುಕ್ ಮಾಡುವ ಮೊದಲು ಬೆಲೆ ಕೇಳಬೇಕು ಅಂತ ಒಂದು ಸೂಚನೆ. ನಮ್ಮ ಊರಿನವರು ಯಾರಾದರೂ ಸಹಿ ಹಾಕೋದಿದ್ದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಅಂಚೆ ಕಚೇರಿ ಮುಂದೆ ಇರ್ತೀನಿ, ಬನ್ನಿ.