ಗುಂಡನೆಂಬ ಗೂಢಲಿಪಿ

ಸಂಪರ್ಕಪಟ್ಟಿಯಿಂದ ಗೆಳೆಯನೊಬ್ಬ ಕಾಣೆಯಾದನೆಂದರೆ, ಕೇಳಿದವರೆಲ್ಲ "ಸಿಂಕ್ ಆಗಿರುತ್ತದೆ, ಕ್ಲೌಡ್‌ನಲ್ಲಿ ನೋಡಿ" ಎಂದು ಸಮಾಧಾನ ಹೇಳುತ್ತಾರೆ. ಸಿಂಕ್ ಎಂದರೆ ಬ್ಯಾಕಪ್ ಎಂದೇ ಅವರ ನಂಬಿಕೆ. ಆದರೆ ಸಿಂಕ್ ಬರೀ ವಿಧೇಯ ಪ್ರಾಣಿ. ಒಂದು ಫೋನಿನಲ್ಲಿ ಹೆಸರನ್ನು ಅಳಿಸಿದರೆ ಉಳಿದ ಸಾಧನಗಳಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸಿಬರುತ್ತದೆ. ನಮ್ಮ ಗುಂಡನ ವಿಷಯದಲ್ಲಿ ಅದಕ್ಕೆ ಆ ಶ್ರಮವೂ ಇರಲಿಲ್ಲ. ಹಳೆಯ ಫೋನು ಅವನನ್ನು ಖಾತೆಯಲ್ಲಿಡದೆ ತನ್ನ ಸ್ವಂತ ಮೆಮೊರಿಯಲ್ಲಿ ಇಟ್ಟುಕೊಂಡಿತ್ತು. ಖಾತೆಯಲ್ಲಿ ಇಲ್ಲದವನು ಸಿಂಕ್ ಆಗುವುದೆಲ್ಲಿಂದ ಬಂತು? ಹೊಸ ಫೋನಿಗೆ ಎಂದೋ ಒಮ್ಮೆ ಬಂದುಹೋದ ಗ್ಯಾಸ್ ಸ್ಟವ್ ರಿಪೇರಿಯವರು ಸಹಿತ ಎಲ್ಲರೂ ಬಂದಿಳಿದರು, ಗುಂಡ ಮಾತ್ರ ಬರಲಿಲ್ಲ.

ಗೂಗಲ್ ಸಂಪರ್ಕಪಟ್ಟಿಯನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯವೇನೋ ಇದೆ. ಆದರೆ ಅದು ಹೋಗುವುದು 30 ದಿನ ಹಿಂದಕ್ಕೆ ಮಾತ್ರ. ನಮ್ಮ ಗೆಳೆತನಕ್ಕೆ ಧೂಳು ಕೂತದ್ದು ಅದಕ್ಕಿಂತ ಎಷ್ಟೋ ಮುಂಚೆ.

ಹಾಗಾಗಿ ಹಳೆಯ ಎಸ್ಸೆಮ್ಮೆಸ್ಸುಗಳತ್ತ ಹೊರಳಿದೆ. ಹುಡುಕುವ ಜಾಗದಲ್ಲಿ "ಗುಂಡ" ಎಂದು ಟೈಪಿಸಿದರೆ ಏನೂ ಸಿಗಲಿಲ್ಲ, ಸಿಗುವಂತೆಯೂ ಇರಲಿಲ್ಲ. ಸಂದೇಶದ ಜೊತೆಗೆ ಉಳಿಯುವುದು ಕಳಿಸಿದವರ ನಂಬರು ಮಾತ್ರ. ಅದರ ಮೇಲೆ ಹೆಸರನ್ನು ಅಂಟಿಸುವುದು ಸಂಪರ್ಕಪಟ್ಟಿ. ಪಟ್ಟಿಯಲ್ಲಿ ಹೆಸರು ಹೋದ ಮೇಲೆ ಆತನೂ ಅನಾಮಧೇಯ ಅಂಕಿಗಳ ಸಾಲಾಗಿಬಿಡುತ್ತಾನೆ. ಇಂಥಲ್ಲಿ ಹೆಸರನ್ನು ಬಿಟ್ಟು ಆತ ಬರೆಯುತ್ತಿದ್ದ ಮಾತನ್ನೇ ಹುಡುಕಬೇಕು. ಗುಂಡ ಸದಾ ಬರೆಯುತ್ತಿದ್ದದ್ದು "ದಾರಿಯಲ್ಲಿದ್ದೇನೆ" ಎಂದು. ಹುಡುಕಿದಾಗ ತಿಳಿದದ್ದೇನೆಂದರೆ, ನನ್ನ ಬದುಕಿಗೆ ಬಂದವರೆಲ್ಲರೂ ಒಂದಲ್ಲ ಒಂದು ಸಲ ದಾರಿಯಲ್ಲೇ ಇದ್ದರು, ಕೊರಿಯರ್‌ನವರಂತೂ ಇಂದಿಗೂ ಇದ್ದಾರೆ. ಚಾಟ್ ಆ್ಯಪಿನ ಕ್ಲೌಡ್ ಬ್ಯಾಕಪ್ಪಿನ ಕಥೆ ಇನ್ನೂ ಚಿಕ್ಕದು: ಹೊಸ ಬ್ಯಾಕಪ್ಪು ಹಳೆಯದರ ಮೇಲೆಯೇ ಕೂತು ಅದನ್ನು ಅಳಿಸಿಹಾಕಿತ್ತು.

ಕೊನೆಗೆ ಕೈಹಿಡಿದದ್ದು ಇಮೇಲ್. ಫೋನು ಬದಲಿಸುವಾಗ ಎಲ್ಲ ಹೆಸರುಗಳನ್ನೂ ಒಂದು ಕಡತವಾಗಿ ರಫ್ತು ಮಾಡಿ ತಮಗೆ ತಾವೇ ಮೇಲ್ ಮಾಡಿಕೊಳ್ಳುವ ಪದ್ಧತಿ ಒಂದು ಕಾಲದಲ್ಲಿ ಬಹಳ ಇತ್ತು, ಮತ್ತು ಆ ಕಡತದ ಹೆಸರು ಸಾಮಾನ್ಯವಾಗಿ .vcf ಎಂದು ಕೊನೆಯಾಗುತ್ತದೆ. ಜಿಮೇಲ್‌ನ ಹುಡುಕುವ ಪಟ್ಟಿಯಲ್ಲಿ ಹೀಗೆ ಬರೆದೆ:

```
filename:vcf in:anywhere
```

ಎರಡನೆಯ ಭಾಗ ಹಾಕಿದರೆ ಸ್ಪ್ಯಾಮ್ ಮತ್ತು ಕಸದ ಬುಟ್ಟಿಯನ್ನೂ ಜಾಲಾಡುತ್ತದೆ. ಹಳೆಯ contacts.vcf ಅಲ್ಲಿ ಮೇಲಕ್ಕೆದ್ದಿತು. ಅದನ್ನು ನೇರವಾಗಿ ಫೋನಿಗೆ ತುಂಬಿಸಬಹುದಿತ್ತು, ಆದರೆ ಹಾಗೆ ಮಾಡಿದರೆ ಗುಂಡನೊಬ್ಬನಿಗಾಗಿ ಹಳೆಯ ಮನೆಮಾಲೀಕರಿಂದ ಹಿಡಿದು ಎಲ್ಲರನ್ನೂ ಮತ್ತೆ ಒಳಗೆ ಕರೆದಂತಾಗುತ್ತದೆ. ವಿಸಿಎಫ್ ಎಂಬುದು ಸಾದಾ ಪಠ್ಯವಾದ್ದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು "ಗುಂಡ" ಎಂದು ಹುಡುಕಿದೆ. ಇಲ್ಲ! ಕಡತದ ತುಂಬ ಇಂಗ್ಲಿಷಿನಲ್ಲಿ ಬರೆದಿಟ್ಟ ಹೆಸರುಗಳು ಸ್ವಚ್ಛವಾಗಿ ಕಾಣುತ್ತಿದ್ದವು, ಕನ್ನಡದ ಹೆಸರುಗಳಿರಬೇಕಾದಲ್ಲಿ ಮಾತ್ರ ಇಂಥ ಸಾಲುಗಳು:

```
FN;CHARSET=UTF-8;ENCODING=QUOTED-PRINTABLE:=E0=B2=97=E0=B3=81=E0=B2=82=E0=B2=A1
```

ವಿಸಿಎಫ್‌ನ ಹಳೆಯ 2.1 ಆವೃತ್ತಿಯಲ್ಲಿ ಇಂಗ್ಲಿಷೇತರ ಅಕ್ಷರಗಳನ್ನು ಹೀಗೆ ಅಂಕೆ-ಅಕ್ಷರಗಳ ಜೋಡಿಯಾಗಿ ಬರೆದಿಡುತ್ತಾರೆ. ಕನ್ನಡದ ಪ್ರತಿ ಚಿಹ್ನೆಗೂ ಮೂರು ಜೋಡಿ ಬೇಕು, ಮತ್ತು ಅವು =E0=B2 ಅಥವಾ =E0=B3 ಎಂದೇ ಶುರುವಾಗುತ್ತವೆ. ಮೇಲಿನ ಸಾಲಿನಲ್ಲಿ =E0=B2=97 ಎಂದರೆ ಗ, =E0=B3=81 ಎಂದರೆ ಉಕಾರದ ಕೊಂಬು, =E0=B2=82 ಅನುಸ್ವಾರ, =E0=B2=A1 ಎಂದರೆ ಡ. ನಾಲ್ಕು ಚಿಹ್ನೆ ಸೇರಿದರೆ ಸಾಕ್ಷಾತ್ ಗುಂಡ. ಕಾಲೇಜಿನಲ್ಲಿ ಕರೆಯಲು ಎರಡೇ ಅಕ್ಷರ ಸಾಕಾಗುತ್ತಿದ್ದ ಮನುಷ್ಯ ಕಡತದಲ್ಲಿ ಇಷ್ಟು ಜಾಗ ಹಿಡಿದಿದ್ದನ್ನು ಕಂಡು, ಅವನ ಹೆಸರಿಗೆ ಕೊನೆಗೂ ನ್ಯಾಯ ಸಿಕ್ಕಿತೆನ್ನಿಸಿತು.

ಅದೇ ಜೋಡಿಗಳನ್ನು ನಕಲಿಸಿ ಮತ್ತೆ ಹುಡುಕಿದಾಗ ಇನ್ನೊಂದು ಸಾಲು ಸಿಕ್ಕಿತು. ಬಿಡಿಸಿ ಓದಿದರೆ "ಗುಂಡ ಹೊಸದು". ಯಾವ ಕಾಲದ ಹೊಸದು ಎಂಬುದಕ್ಕೆ ದಾಖಲೆಯಿಲ್ಲ. ಬಹುಕಾಲ ಬಳಕೆಯಲ್ಲಿಲ್ಲದ ನಂಬರನ್ನು ಕಂಪನಿಯವರು ಬೇರೆಯವರಿಗೆ ಕೊಟ್ಟುಬಿಡುವುದರಿಂದ, ಸಲಿಗೆಯ ಬೈಗುಳದಿಂದ ಮಾತು ಆರಂಭಿಸುವುದು ಕ್ಷೇಮವಲ್ಲ. "ನಮಸ್ಕಾರ, ಇದು ಯಾರ ನಂಬರು?" ಎಂದು ಹೊಸದಕ್ಕೆ ಕರೆ ಮಾಡಿದರೆ ಅತ್ತಲಿಂದ ಅಪರಿಚಿತ ಹಿರಿಯರೊಬ್ಬರು "ಫೋನ್ ಮಾಡಿರೋದು ನೀವು, ನೀವೇ ಹೇಳಿ" ಎಂದರು. ಹಳೆಯ ನಂಬರಿನಲ್ಲಿ ಗುಂಡನೇ ಸಿಕ್ಕಿದ. "ಏನೋ ಇದು, ಇಷ್ಟು ದಿನ ಎಲ್ಲಿದ್ಯೋ?" ಎಂದು ಕೇಳಿದರೆ, "ಇಲ್ಲೇ ಇದ್ನಲ್ಲೋ, ನಂಬರೇ ಬದಲಾಯಿಸಿಲ್ಲ" ಎಂದ.

ಈ ಬಾರಿ ಅವನನ್ನು ಖಾತೆಯಲ್ಲೇ ಉಳಿಸಿದೆ, ದೇಶದ ಕೋಡ್ ಸಮೇತ, ಇನಿಷಿಯಲ್ಲುಗಳಿರುವ ಪೂರ್ಣ ಹೆಸರಿನಲ್ಲಿ. ಮೊನ್ನೆ ಊಟವಾಗಿ ಅಡ್ಡಾಗಿದ್ದಾಗ ಫೋನು ಹೊಡೆದುಕೊಂಡಿತು. ನನ್ನಾಕೆ ಪರದೆಯ ಮೇಲಿನ ಹೆಸರನ್ನು ಓದಿ, "ಯಾರೋ ದೊಡ್ಡ ಅಧಿಕಾರಿ ಇರ್ಬೇಕು, ಸ್ವಲ್ಪ ಎದ್ದು ಕೂತು ಮಾತಾಡಿ" ಎಂದಳು.