ಸಾಲಿಗೊಂದು ರಾಕೆಟ್ ಯಾಕ್ರೀ?

ಲಿಂಕ್ಡ್‌ಇನ್‌ನಲ್ಲಿ ಕೆಲಸ ಖಾಲಿ ಇದೆ ಅಂತ ಪೋಸ್ಟ್. ಮೊದಲ ಸಾಲು ‘🚀🚀🚀 ಸಿಹಿಸುದ್ದಿ!’ ಆಮೇಲೆ ಖಾಲಿ ಸಾಲು. ಆಮೇಲೆ ‘ಹೌದು, ನಿಜ.’ ಮೊಬೈಲಿನಲ್ಲಿ ಮೊದಲು ಕಾಣೋದೇ ಎರಡು ಮೂರು ಸಾಲು. ಖಾಲಿ ಬಿಟ್ಟಿದ್ದೂ ಅದರಲ್ಲೇ ಲೆಕ್ಕ. ಯಾವ ಹುದ್ದೆ, ಯಾವ ಊರು ಅಂತ ತಿಳಿಯೋಕೆ ‘more’ ಒತ್ತಬೇಕು. ಯಾರು ಒತ್ತುತ್ತಾರೆ?

ಕಣ್ಣು ಕಾಣದವರ ಪಾಡು ಇನ್ನೂ ಕಷ್ಟ. ಪರದೆ ಮೇಲಿರೋದನ್ನು ಅವರಿಗೆ ಓದಿ ಹೇಳೋ ಸ್ಕ್ರೀನ್ ರೀಡರ್ ಎಮೋಜಿಯ ಹೆಸರನ್ನೇ ಓದುತ್ತೆ: ‘ರಾಕೆಟ್, ರಾಕೆಟ್, ರಾಕೆಟ್’. ಐದು ಅರ್ಹತೆಗೆ ಐದು ✅ ಹಾಕಿದರೆ ಐದು ಸಲವೂ ಅದನ್ನೇ ಕೇಳಬೇಕು.

‘ಮೈಸೂರಿನಲ್ಲಿ ಅಕೌಂಟೆಂಟ್ ಬೇಕು, 3 ವರ್ಷ ಅನುಭವ’ ಅಂತ ಮೊದಲ ಸಾಲಲ್ಲೇ ಬರೀರಿ. ಎರಡು ಮೂರು ವಾಕ್ಯ ಒಟ್ಟಿಗಿರಲಿ, ವಿಷಯ ಬದಲಾದಾಗ ಮಾತ್ರ ಒಂದು ಖಾಲಿ ಸಾಲು. ಎಮೋಜಿ ಬೇಕೇ ಬೇಕಾ? ವಾಕ್ಯದ ಕೊನೆಗೊಂದು 📍 ಸಾಕು, ಪದದ ಬದಲಿಗಲ್ಲ. ಜನರನ್ನು ಕೆಲಸದಿಂದ ತೆಗೆದ ಸುದ್ದಿಗೆ ದಯವಿಟ್ಟು ಅದೂ ಬೇಡ.