ಬಣ್ಣದ ವೇಷದ ಮುಖದ ಮೇಲೆ ನಿಮ್ಮ ಹೆಸರು ಯಾಕೆ?

ಬೆಳಿಗ್ಗೆ ಚಹಾ ಕುಡಿಯುತ್ತಾ ಫೋನ್ ತೆಗೆದೆ. ಮೊದಲು ಕಂಡದ್ದೇ ಯಕ್ಷಗಾನದ ಒಂದು ಬಣ್ಣದ ವೇಷದ ಫೋಟೋ. ಚೌಕಿಯ ಬೆಳಕಿನಲ್ಲಿ ತೆಗೆದದ್ದು. ಕಣ್ಣು ಒಂಚೂರು ಕೆಳಗೆ, ಚಿಟ್ಟಿಯ ಒಂದೊಂದು ಮುಳ್ಳಿನ ನೆರಳೂ ಕೆನ್ನೆಯ ಮೇಲೆ ಬಿದ್ದಿದೆ. ಇಂಥ ಫೋಟೋ ವರ್ಷಕ್ಕೆ ಒಂದು ಸಿಕ್ಕಿದರೆ ದೊಡ್ಡದು. ಆದರೆ ಹುಬ್ಬಿನಿಂದ ಗಲ್ಲದವರೆಗೆ ಓರೆಯಾಗಿ, ಹಳದಿ ಅಕ್ಷರದಲ್ಲಿ ತೆಗೆದವನ ಹೆಸರು. ಅದರ ಕೆಳಗೆ ಮೊಬೈಲ್ ನಂಬರ್. ಅದರ ಪಕ್ಕ ಕ್ಯಾಮೆರಾದ ಚಿತ್ರ ಬೇರೆ.

ಚಹಾ ತಣ್ಣಗಾಯಿತು. ಸಿಟ್ಟು ತಣ್ಣಗಾಗಲಿಲ್ಲ.

ಆ ಮುಖ ಬರೆಯಲು ಎಷ್ಟು ಹೊತ್ತು ಬೇಕು ಅಂತ ಚೌಕಿಯಲ್ಲಿ ಕೂತು ನೋಡಿದವರಿಗೆ ಗೊತ್ತು. ಅಕ್ಕಿ ಹಿಟ್ಟು, ಸುಣ್ಣ ಕಲಸಿ, ಕಡ್ಡಿಯ ತುದಿಯಲ್ಲಿ ಒಂದೊಂದೇ ಚಿಟ್ಟಿ ಇಡಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಎರಡು ಮೂರು ಗಂಟೆ ಕನ್ನಡಿಯ ಮುಂದೆ ಅಲುಗಾಡದೆ ಕೂತ ಕಲಾವಿದರ ಕೆಲಸ ಅದು. ಅದರ ಮೇಲೆ ಎರಡು ನಿಮಿಷದಲ್ಲಿ ನಮ್ಮ ಹೆಸರು ಬಳಿಯುವುದೇ? ನನಗೆ ಇದು ಸಹಿಸಲು ಆಗುವುದಿಲ್ಲ.

ನಾನು ಯಾಕೆ ಇಷ್ಟು ಹಾರಾಡುತ್ತೇನೆ ಅಂತ ಹಳೆಯ ಸ್ನೇಹಿತರು ಕೇಳಲಿಕ್ಕಿಲ್ಲ. ಹಗಲು ಕಚೇರಿ, ರಾತ್ರಿ ಆಟ, ಸೀಸನ್ ಮುಗಿಯುವ ಪತ್ತನಾಜೆಯವರೆಗೆ ನನ್ನ ನಿದ್ದೆಯ ಲೆಕ್ಕ ನಿಮಗೆ ಗೊತ್ತೇ ಇದೆ. ಒಂದು ವಿಷಯ ಮಾತ್ರ ಇಲ್ಲಿಯವರೆಗೆ ಹೇಳಿರಲಿಲ್ಲ. ನಾನೂ ಇದೇ ತಪ್ಪು ಮಾಡಿದವನು.

ಕೆಲವು ವರ್ಷದ ಹಿಂದೆ ನನ್ನದೊಂದು ಫೋಟೋ ಊರಿನ ರಸ್ತೆ ಬದಿಯ ಫ್ಲೆಕ್ಸ್‌ನಲ್ಲಿ ಕಾಣಿಸಿತು. ಬಲ ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕಿದ್ದೆ. ಫ್ಲೆಕ್ಸ್‌ನಲ್ಲಿ ಆ ಮೂಲೆಯೇ ಇಲ್ಲ. ಕೆಳಗಿನ ಒಂದು ಪಟ್ಟಿ ಕತ್ತರಿಸಿದ್ದರು, ಅಷ್ಟೇ. ಹೊಟ್ಟೆ ಉರಿದು ಹೋಯಿತು. ಆ ವಾರದಿಂದ ಎಲ್ಲಾ ಫೋಟೋದ ನಡುವೆ ದಪ್ಪ ಬಿಳಿ ಅಕ್ಷರದಲ್ಲಿ ಹೆಸರು ಹಾಕಲು ಶುರು ಮಾಡಿದೆ. ಒಂದು ಸೀಸನ್ ಪೂರ್ತಿ. ಆಮೇಲೆ ಹಿರಿಯ ಕಲಾವಿದರೊಬ್ಬರು ಚೌಕಿಯಲ್ಲಿ ಮುಖ ಒರೆಸಿಕೊಳ್ಳುತ್ತಾ ಮೆಲ್ಲ ಕೇಳಿದರು: "ಮಾರಾಯ, ನೀನು ಕಳಿಸಿದ ಪಟ ಮನೆಯಲ್ಲಿ ಗೋಡೆಗೆ ಹಾಕುವ ಅಂತ ಇದ್ದೆ. ನನ್ನ ಮೂಗಿನ ಮೇಲೆ ನಿನ್ನ ಹೆಸರು ಉಂಟಲ್ಲ?" ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಮನೆಗೆ ಬಂದು ಹಳೆಯ ಫೋಟೋಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಒಂದರಲ್ಲೂ ಕಣ್ಣು ಮೊದಲು ವೇಷಕ್ಕೆ ಹೋಗಲಿಲ್ಲ. ನನ್ನ ಹೆಸರಿಗೇ ಹೋಯಿತು.

"ಹಾಕದಿದ್ದರೆ ಕದಿಯುತ್ತಾರೆ ಮಾರ್ರೆ" ಅಂತ ನೀವು ಹೇಳುತ್ತೀರಿ. ಹೇಳುವವರ ನೋವು ನನಗೆ ಗೊತ್ತು. ಆದರೆ ಹಾಕಿದರೂ ಕದಿಯುತ್ತಾರೆ. ಮೂಲೆಯದ್ದನ್ನು ಕತ್ತರಿಸುತ್ತಾರೆ. ನಡುವಿನದ್ದನ್ನು ಅಳಿಸುತ್ತಾರೆ. ದೊಡ್ಡ ಹೆಸರು ಗಟ್ಟಿ ಅಂತ ನಂಬಿದವರಿಗೆ ಒಂದು ಮಾತು. 2017ರಲ್ಲಿ ಗೂಗಲ್‌ನ ಸಂಶೋಧಕರೇ ಇದನ್ನು ಮಾಡಿ ತೋರಿಸಿದ್ದಾರೆ. ಒಂದೇ ಗುರುತು ನೂರಾರು ಫೋಟೋಗಳಲ್ಲಿ ಒಂದೇ ರೀತಿ ಇದ್ದರೆ, ಕಂಪ್ಯೂಟರ್ ಆ ಫೋಟೋಗಳನ್ನು ಹೋಲಿಸಿ ನೋಡುತ್ತದೆ. ಪ್ರತಿ ಫೋಟೋದಲ್ಲೂ ಬದಲಾಗದೆ ಉಳಿದದ್ದು ಯಾವುದೋ ಅದೇ ಗುರುತು. ಅದನ್ನು ಹಾಗೇ ಎತ್ತಿ ತೆಗೆದುಬಿಡುತ್ತದೆ, ಕೆಳಗಿನ ಫೋಟೋ ಹೆಚ್ಚು ಕಡಿಮೆ ಪೂರ್ತಿ ಸಿಗುತ್ತದೆ. ಅಂದರೆ ಒಂದೇ ಅಚ್ಚಿನ ಗುರುತನ್ನು ಎಲ್ಲಾ ಫೋಟೋಕ್ಕೂ ಹೊಡೆಯುವುದು ಗಟ್ಟಿ ಬೀಗ ಅಲ್ಲ. ಕಳ್ಳನಿಗೆ ಅದೇ ಸುಲಭ. ಕೆಟ್ಟದ್ದು ನಿಮ್ಮ ಫೋಟೋ ಮಾತ್ರ.

ಹಾಗಾದರೆ ಸಣ್ಣ ಸೈಜಿನ ಫೋಟೋ ಹಾಕಿದರೆ ಸಾಕಲ್ವಾ, ಪ್ರಿಂಟ್ ಮಾಡಲು ಬರುವುದಿಲ್ಲವಲ್ಲ ಅಂತ ಇನ್ನು ಕೆಲವರು ಹೇಳುತ್ತಾರೆ. ಪುಸ್ತಕಕ್ಕೆ, ಕ್ಯಾಲೆಂಡರಿಗೆ ಅದು ಸರಿ. ಒಳ್ಳೆಯ ಪ್ರಿಂಟಿಗೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. ನಾವು ಹಾಕುವ 1600 ಪಿಕ್ಸೆಲ್ ಅಗಲದ ಫೋಟೋ ಆ ಲೆಕ್ಕದಲ್ಲಿ ಸುಮಾರು ಐದೂಕಾಲು ಇಂಚಿಗೆ ಮುಗಿಯುತ್ತದೆ. ಆದರೆ ನಮ್ಮ ಊರಿನಲ್ಲಿ ಕದ್ದ ಫೋಟೋ ಹೋಗುವುದು ಎಲ್ಲಿಗೆ? ಫ್ಲೆಕ್ಸ್‌ಗೆ. ಆರು ಅಡಿ ಅಗಲದ ಫ್ಲೆಕ್ಸ್ ಅಂದರೆ 72 ಇಂಚು. ಅದೇ 1600 ಪಿಕ್ಸೆಲ್ ಹಂಚಿದರೆ ಇಂಚಿಗೆ 22 ಬರುತ್ತದೆ. ಹತ್ತಿರ ನಿಂತರೆ ಮಸುಕು. ಬೈಕ್‌ನಲ್ಲಿ ಹೋಗುವವನಿಗೆ ಚಂದವೇ ಕಾಣುತ್ತದೆ. ನನ್ನ ಫೋಟೋ ಹಾಗೇ ಕಂಡಿತ್ತು.

ಆ ಫ್ಲೆಕ್ಸ್‌ನ ಕಥೆ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ಕಣ್ಣು ತೆರೆದದ್ದು ಅಲ್ಲೇ. ಫ್ಲೆಕ್ಸ್ ಹಾಕಿಸಿದವರನ್ನು ಹುಡುಕಿ ಫೋನ್ ಮಾಡಿದೆ. ಜಗಳಕ್ಕೆ ತಯಾರಾಗಿಯೇ ಮಾಡಿದ್ದು. ಆ ಕಡೆಯವರು, "ಅಣ್ಣ, ನಮಗೆ ವಾಟ್ಸಾಪ್‌ನಲ್ಲಿ ಬಂದದ್ದು. ಯಾರದ್ದು ಅಂತ ಗೊತ್ತಿದ್ದರೆ ಕೇಳುತ್ತಿದ್ದೆವು, ಹೆಸರೂ ಹಾಕುತ್ತಿದ್ದೆವು" ಅಂದರು. ಸುಳ್ಳು ಹೇಳಿದ ಹಾಗೆ ಅನಿಸಲಿಲ್ಲ. ಅವರ ಕೈಗೆ ಬರುವ ಮೊದಲೇ ಯಾರೋ ಮೂಲೆ ಕತ್ತರಿಸಿದ್ದರು. ಫೈಲಿನ ಒಳಗೆ ಕ್ಯಾಮೆರಾ ಬರೆದಿಡುವ ವಿವರ ಇರುತ್ತದಲ್ಲ, ಅದರಲ್ಲೂ ನನ್ನ ಹೆಸರು ಇತ್ತು. ಆದರೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಆ ವಿವರ ಉಳಿಯುವುದಿಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮಾತ್ರ ಉಳಿಯುತ್ತದೆ. ಹಾಗೆ ಯಾರು ಕಳಿಸುತ್ತಾರೆ?

ನನಗೆ ಕೊನೆಗೆ ಹೊಳೆದದ್ದು ಇಷ್ಟು. ಫೋಟೋದ ಮೇಲಿನ ಹೆಸರು ಕಳ್ಳನಿಗೆ ಬೀಗ ಅಲ್ಲ, ಒಳ್ಳೆಯವನಿಗೆ ವಿಳಾಸ. ಹತ್ತು ಗ್ರೂಪ್ ದಾಟಿ ಬಂದ ಫೋಟೋ ನೋಡಿ "ಇದು ಯಾರದ್ದು?" ಅಂತ ಕೇಳುವ ಒಬ್ಬ ಪ್ರಾಮಾಣಿಕನಿಗೆ ಅದು ಓದಲು ಸಿಗಬೇಕು. ಹಾಗಿದ್ದ ಮೇಲೆ ಅದು ದೊಡ್ಡದಿರಬೇಕಾಗಿಲ್ಲ. ಕೊನೆಯವರೆಗೆ ಉಳಿಯಬೇಕು, ಫೋನಿನಲ್ಲಿ ಓದಲು ಬರಬೇಕು. ಕಾನೂನಿನ ಮಾತು ಬೇಕಾದರೆ, ಹೆಸರು ಹಾಕಲಿ ಬಿಡಲಿ, ಫೋಟೋ ತೆಗೆದ ಕ್ಷಣದಿಂದ ಹಕ್ಕು ಇದ್ದೇ ಇದೆ. 1957ರ ಕಾಪಿರೈಟ್ ಕಾಯಿದೆ ಅದಕ್ಕೆ ನೋಂದಣಿಯನ್ನೂ ಕೇಳುವುದಿಲ್ಲ. ನಾಳೆ ತಕರಾರು ಬಂದರೆ ಸಾಕ್ಷಿಗೆ ಬರುವುದು ನಿಮ್ಮ ಹತ್ತಿರ ಮಾತ್ರ ಇರುವ ರಾ ಫೈಲ್, ಮುಖದ ಮೇಲಿನ ಹಳದಿ ಅಕ್ಷರ ಅಲ್ಲ.

ಈಗ ನಾನು ಹೇಗೆ ಹಾಕುತ್ತೇನೆ ಅಂತ ಇವತ್ತು ನೋಡಿದಂಥದ್ದೇ ಒಂದು ಫೋಟೋ ಇಟ್ಟುಕೊಂಡು ಹೇಳುತ್ತೇನೆ. ಅಡ್ಡ ಫೋಟೋ, 1600 ಪಿಕ್ಸೆಲ್ ಅಗಲ. ಎಡಕ್ಕೆ ವೇಷ, ಬಲಕ್ಕೆ ಚೌಕಿಯ ಕತ್ತಲು. ಎಲ್ಲರ ಕೈ ಮೊದಲು ಹೋಗುವುದು ಆ ಕತ್ತಲಿಗೆ. ಅಲ್ಲಿ ಖಾಲಿ ಇದೆ, ಹೆಸರು ಚೆನ್ನಾಗಿ ಓದಲು ಬರುತ್ತದೆ. ಆದರೆ ಬರೀ ಕಪ್ಪಿನ ಮೇಲಿನ ಹೆಸರನ್ನು ಇನ್ನೊಂದು ಕಪ್ಪು ಗೆರೆ ಎಳೆದು ಮುಚ್ಚಬಹುದು. ಕತ್ತರಿಸಿದರೂ ವೇಷಕ್ಕೆ ಏನೂ ಆಗುವುದಿಲ್ಲ. ಅದಕ್ಕೇ ನಾನು ಅಲ್ಲಿ ಹಾಕುವುದಿಲ್ಲ. ಮುಖದ ಮೇಲೆ ಹಾಕುವ ಮಾತೇ ಇಲ್ಲ.

ನಾನು ಹುಡುಕುವುದು ಭುಜಕೀರ್ತಿಯ ಕೆಳಗಿನ ಅಂಚು. ಅಲ್ಲಿ ಮಣಿ, ಕನ್ನಡಿ ಚೂರು, ಬಣ್ಣದ ಗೆರೆ ಎಲ್ಲ ತುಂಬಿರುತ್ತದೆ. ಅಂಥ ಕಡೆ ಬರೆದ ಹೆಸರನ್ನು ಅಳಿಸಬೇಕಾದರೆ ಕೆಳಗಿನ ಮಣಿಗಳನ್ನು ಮತ್ತೆ ಬಿಡಿಸಬೇಕು. ಕತ್ತರಿಸಿದರೆ ವೇಷದ ಭುಜವೇ ಹೋಗುತ್ತದೆ. ನೋಡುವವನ ಕಣ್ಣು ಮುಖದಲ್ಲಿರುತ್ತದೆ, ಹೆಸರು ಅಡ್ಡ ಬರುವುದಿಲ್ಲ. ಬಣ್ಣವನ್ನು ಫೋಟೋದಿಂದಲೇ ತೆಗೆದುಕೊಳ್ಳುತ್ತೇನೆ. ಆ ಅಂಚಿನ ಚಿನ್ನದ ಬಣ್ಣವನ್ನೇ ಸ್ವಲ್ಪ ತಿಳಿ ಮಾಡಿ, ಅರ್ಧಕ್ಕಿಂತ ಕಡಿಮೆ ಗಾಢತೆ ಇಟ್ಟರೆ ಸಾಕು. ನನ್ನ ಹಳೆಯ ದಪ್ಪ ಬಿಳಿ ಅಕ್ಷರ ಬೆಳಕಿನ ಜಾಗದಲ್ಲಿ ಮಾಯವಾಗುತ್ತಿತ್ತು, ಕಪ್ಪಿನಲ್ಲಿ ಕಿರುಚುತ್ತಿತ್ತು. ಒಂದೇ ಬಣ್ಣ ಎಲ್ಲಾ ಫೋಟೋಕ್ಕೂ ಹೊಂದುವುದೇ ಇಲ್ಲ. ಜಾಗವೂ ಹಾಗೆ, ಪ್ರತಿ ಫೋಟೋಕ್ಕೂ ಬೇರೆ. ಆದರೆ ಜಾಗ ಬದಲಿಸಿದ ಮಾತ್ರಕ್ಕೆ ಮೇಲೆ ಹೇಳಿದ ಕಂಪ್ಯೂಟರ್ ಹೋಲಿಕೆಗೆ ಹೆಚ್ಚು ಕಷ್ಟ ಆಗುವುದಿಲ್ಲ, ಅಕ್ಷರದ ಆಕಾರವನ್ನೇ ಪ್ರತಿ ಫೋಟೋದಲ್ಲಿ ಸ್ವಲ್ಪ ಬಾಗಿಸಿದರೆ ಕಷ್ಟ ಅಂತ ಆ ಸಂಶೋಧಕರೇ ಹೇಳಿದ್ದಾರೆ.

ಅಕ್ಷರದ ಅಳತೆಯಲ್ಲಿ ನಾನು ತುಂಬ ದಿನ ಎಡವಿದ್ದೇನೆ. ಫೋನಿನ ಪರದೆ ಸುಮಾರು ಏಳು ಸೆಂಟಿಮೀಟರ್ ಅಗಲ. 1600 ಪಿಕ್ಸೆಲ್ ಅದರಲ್ಲಿ ಕೂರುವಾಗ 20 ಪಿಕ್ಸೆಲ್ ಎತ್ತರದ ಅಕ್ಷರ ಒಂದು ಮಿಲಿಮೀಟರ್‌ಗಿಂತಲೂ ಸಣ್ಣದು. ಇಂಗ್ಲಿಷ್ ಆದರೆ ಹೇಗೋ ಕಷ್ಟಪಟ್ಟು ಓದಬಹುದು. ಕನ್ನಡದಲ್ಲಿ ಒತ್ತಕ್ಷರ ಬಂದರೆ ಬರೀ ಶಾಯಿ ಚೆಲ್ಲಿದ ಹಾಗೆ. ಫೇಸ್‌ಬುಕ್ ಮತ್ತೊಮ್ಮೆ ಫೋಟೋ ಒತ್ತಿ ಸಣ್ಣದು ಮಾಡುವಾಗ ತೆಳು ಗೆರೆಗಳು ಮೊದಲು ಹೋಗುತ್ತವೆ. 40 ಪಿಕ್ಸೆಲ್ ಇಟ್ಟರೆ ಒಂದೂಮುಕ್ಕಾಲು ಮಿಲಿಮೀಟರ್ ಆಗುತ್ತದೆ, ಓದಲು ಬರುತ್ತದೆ. ಒತ್ತಕ್ಷರ ಇಲ್ಲದ ಗಿಡ್ಡ ಹೆಸರು ಇನ್ನೂ ಒಳ್ಳೆಯದು. ಮೊಬೈಲ್ ನಂಬರ್, ಕ್ಯಾಮೆರಾದ ಚಿತ್ರ ಯಾವುದೂ ಬೇಡ. ಹೆಸರು ಸಿಕ್ಕಿದವನಿಗೆ ನೀವು ಸಿಗುತ್ತೀರಿ.

ಹಾಕಿದ ಮೇಲೆ ಫೋಟೋವನ್ನು ನನ್ನ ಫೋನಿಗೇ ವಾಟ್ಸಾಪ್‌ನಲ್ಲಿ ಕಳಿಸಿಕೊಂಡು ನೋಡುತ್ತೇನೆ. ಆಮೇಲೆ ಮನೆಯಲ್ಲಿ ಅಮ್ಮನ ಕೈಗೆ ಕೊಟ್ಟು ಏನು ಕಾಣುತ್ತದೆ ಅಂತ ಕೇಳುತ್ತೇನೆ. ಅಮ್ಮ "ವೇಷ ಲಾಯ್ಕ ಉಂಟು" ಅಂದರೆ ಪೋಸ್ಟ್. "ಇದು ಏನು ಬರೆದದ್ದು?" ಅಂದರೆ ಮತ್ತೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಹೀಗೆ ಮಾಡಿದರೂ ನನ್ನ ಫೋಟೋ ಕದಿಯುತ್ತಾರಾ? ಕದಿಯುತ್ತಾರೆ. ಹಟ ಹಿಡಿದು ಕೂತವನನ್ನು ಯಾವ ಹೆಸರೂ ತಡೆಯುವುದಿಲ್ಲ. ಆದರೆ ಹೋದ ಸೀಸನ್‌ನಲ್ಲಿ ಮೂರು ಸಲ ಗೊತ್ತಿಲ್ಲದವರು ಮೆಸೇಜ್ ಮಾಡಿ ಫೋಟೋ ಕೇಳಿದರು. ಮೂವರೂ ಭುಜದ ಹತ್ತಿರದ ಹೆಸರು ಓದಿ ಬಂದವರು. ದಪ್ಪ ಬಿಳಿ ಅಕ್ಷರ ಹಾಕಿದ ಆ ಸೀಸನ್‌ನಲ್ಲಿ ಒಬ್ಬನೂ ಕೇಳಿರಲಿಲ್ಲ.

ಇನ್ನೊಂದು, ಕಲಾವಿದರಿಗೆ ಕಳಿಸುವ ಪ್ರತಿಯಲ್ಲಿ ನಾನು ಹೆಸರು ಹಾಕುವುದೇ ಇಲ್ಲ. ದೊಡ್ಡ ಸೈಜಿನಲ್ಲಿ, ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. ಮುಖ ಅವರದ್ದು, ಬಣ್ಣ ಅವರದ್ದು. ಮೂಗಿನ ಮಾತು ಹೇಳಿದ ಆ ಹಿರಿಯರ ಮನೆಯ ಗೋಡೆಯಲ್ಲಿ ಈಗ ಆ ಪಟ ಇದೆ. ಮೊನ್ನೆ ಹೋದಾಗ ನೋಡಿದೆ.

ಇವತ್ತಿನ ಆ ಫೋಟೋ ತೆಗೆದ ಹುಡುಗ ಇದನ್ನು ಓದುತ್ತಿದ್ದರೆ, ಬೇಸರ ಮಾಡಬೇಡ ತಮ್ಮ. ಚಿಟ್ಟಿಯ ನೆರಳು ಹಾಗೆ ಹಿಡಿಯಲು ನನಗೆ ಈವರೆಗೆ ಆಗಲಿಲ್ಲ. ಅಕ್ಷರ ಇಲ್ಲದ ಪ್ರತಿ ನಿನ್ನ ಹತ್ತಿರ ಇದ್ದೇ ಇರುತ್ತದೆ. ಅದನ್ನು ಮೊದಲು ಆ ವೇಷ ಮಾಡಿದವರಿಗೆ ಕಳಿಸು. ಆಮೇಲೆ ಆಗುವುದಾದರೆ ನನಗೂ ಒಂದು ಕಳಿಸು, ಆ ಮುಖ ಪೂರ್ತಿ ನೋಡಬೇಕು.